ಎಲ್ಲರಿಗೂ ಮತ್ತೊಂದು ಟ್ರೈನಿಂಗ್ ಬೇಕಿಲ್ಲ: ಹೊಸ ಸಾಫ್ಟ್‌ವೇರ್‌ಗೆ ಬ್ಯಾಂಕ್ ಕ್ಲರ್ಕ್ ಎಷ್ಟು ತಯಾರು ಅಂತ ನೋಡುವ ಬಗೆ

ಬ್ಯಾಂಕ್ ಶಾಖೆಗೆ ಹೊಸ ಸಾಫ್ಟ್‌ವೇರ್ ಬಂದು ಎರಡು ವಾರ ಆಗಿದೆ ಅಂದುಕೊಳ್ಳಿ. ಕೌಂಟರ್ ಮುಂದಿನ ಸಾಲು ಕರಗುತ್ತಿಲ್ಲ. ಒಬ್ಬ ಕ್ಲರ್ಕ್ ಹಾಕಿದ ಎಂಟ್ರಿಗಳನ್ನು ಆಫೀಸರ್ ಪಾಸ್ ಮಾಡದೆ ವಾಪಸ್ ಕಳಿಸುತ್ತಿದ್ದಾರೆ. ವಿಷಯ ಮೇಲಿನ ಕಚೇರಿಗೆ ಹೋದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಅವರನ್ನು ಇನ್ನೊಂದು ಸಲ ಟ್ರೈನಿಂಗ್‌ಗೆ ಕಳಿಸಿ."

ಆ ಕ್ಲರ್ಕ್‌ಗೆ ಸ್ಕ್ರೀನ್ ಗೊತ್ತಿಲ್ಲದಿದ್ದರೆ ಈ ಉತ್ತರ ಸರಿ. ಆದರೆ ಸ್ಕ್ರೀನ್ ಗೊತ್ತಿದ್ದೂ ಕೈ ಓಡುತ್ತಿಲ್ಲ ಅಂದರೆ? ಎಲ್ಲ ಗೊತ್ತಿದ್ದೂ ಮನಸ್ಸಿಲ್ಲ ಅಂದರೆ? ಇದೆಲ್ಲ ಯಾಕೆ ಮಾಡುತ್ತಿದ್ದೇವೆ ಅನ್ನೋದೇ ಅವರಿಗೆ ತಿಳಿದಿಲ್ಲ ಅಂದರೆ? ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ, ಕೆಲಸ ನಿಧಾನ ಅಷ್ಟೆ. ಒಳಗಿನ ಕಾರಣ ಬೇರೆ ಬೇರೆ. ಆ ಕಾರಣವನ್ನು ಒಬ್ಬೊಬ್ಬರಲ್ಲೂ ಬೇರೆಯಾಗಿ ಹುಡುಕಲು ಬಳಸುವ ಒಂದು ವಿಧಾನದ ಹೆಸರು ಆಡ್‌ಕಾರ್. ಇದನ್ನು ರೂಪಿಸಿದವರು ಜೆಫ್ ಹಯಾಟ್. 1994ರಲ್ಲಿ ಅಮೆರಿಕದಲ್ಲಿ ಪ್ರೊಸೈ ಎಂಬ ಸಂಸ್ಥೆ ಕಟ್ಟಿದವರು ಇವರೇ.

ವಿಧಾನದ ತಿರುಳು ಸರಳ. ಸಂಸ್ಥೆ ಬದಲಾಗುವುದು ಅದರೊಳಗಿನ ಒಬ್ಬೊಬ್ಬರೂ ಬದಲಾದಾಗ ಮಾತ್ರ. ಒಬ್ಬ ಮನುಷ್ಯ ಬದಲಾಗಬೇಕಾದರೆ ಐದು ಸಂಗತಿ ಕೂಡಿಬರಬೇಕು, ಅದೂ ಈ ಕ್ರಮದಲ್ಲೇ. ಮೊದಲು ಅರಿವು: ಈ ಬದಲಾವಣೆ ಯಾಕೆ ಬೇಕಾಯಿತು ಅನ್ನೋದು ತಿಳಿದಿರಬೇಕು. ಆಮೇಲೆ ಮನಸ್ಸು: ಸರಿ, ನಾನೂ ಇದರಲ್ಲಿ ಸೇರುತ್ತೇನೆ ಅನ್ನಿಸಬೇಕು. ಮೂರನೆಯದು ತಿಳಿವಳಿಕೆ: ಹೇಗೆ ಮಾಡಬೇಕು ಅಂತ ಗೊತ್ತಿರಬೇಕು. ನಾಲ್ಕನೆಯದು ಸಾಮರ್ಥ್ಯ: ನಿಜವಾದ ಕೌಂಟರ್‌ನಲ್ಲಿ, ನಿಜವಾದ ಗ್ರಾಹಕರ ಎದುರು ಅದನ್ನು ಮಾಡಲು ಬರಬೇಕು. ಕೊನೆಯದು ಬಲವರ್ಧನೆ: ಹೊಸ ರೀತಿ ಉಳಿಯುವಂತೆ, ಹಳೆಯದಕ್ಕೆ ಜಾರದಂತೆ ಸುತ್ತಲಿನ ವ್ಯವಸ್ಥೆ ಹಿಡಿದು ನಿಲ್ಲಿಸಬೇಕು.

ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಮೊದಲಿನಿಂದ ನೋಡುತ್ತಾ ಹೋಗಿ, ಯಾವುದರಲ್ಲಿ ಮೊದಲ ಸಲ 3 ಅಥವಾ ಅದಕ್ಕಿಂತ ಕಡಿಮೆ ಕಾಣುತ್ತದೋ ಅದೇ ಆ ವ್ಯಕ್ತಿ ಸಿಕ್ಕಿಕೊಂಡ ಜಾಗ. ಕೆಲಸ ಶುರುವಾಗಬೇಕಾದ್ದು ಅಲ್ಲಿಂದ. ಅಂಕಗಳನ್ನು ಕೂಡಬಾರದು, ಸರಾಸರಿ ತೆಗೆಯಬಾರದು. ತುಂಬಾ ಕಡೆ ಎಡವುವುದು ಇಲ್ಲೇ. ಅದಕ್ಕೇ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

ಸಕಲೇಶಪುರದ ಕಡೆಯ ಒಂದು ಸಣ್ಣ ಊರು, ಅಲ್ಲೊಂದು ಸಹಕಾರಿ ಬ್ಯಾಂಕಿನ ಶಾಖೆ. ಇದು ವಿಷಯ ತಿಳಿಯಲಿ ಅಂತ ನಾನೇ ಕಟ್ಟಿಕೊಂಡ ಶಾಖೆ. ಆದರೆ ಇಲ್ಲಿ ನಡೆಯುವುದನ್ನು ಹಾಸನ ಜಿಲ್ಲೆಯಲ್ಲಿ ಬ್ಯಾಂಕ್ ಕೆಲಸ ಮಾಡಿದವರು ಗುರುತು ಹಿಡಿಯುತ್ತಾರೆ. ಒಬ್ಬ ಮ್ಯಾನೇಜರ್, ಒಬ್ಬ ಆಫೀಸರ್, ಮೂವರು ಕ್ಲರ್ಕ್‌ಗಳು. ಗ್ರಾಹಕರಲ್ಲಿ ಜಾಸ್ತಿ ಜನ ಕಾಫಿ, ಮೆಣಸು ಬೆಳೆಯುವವರು. ಇಷ್ಟು ದಿನ ಕೀಬೋರ್ಡಿನಲ್ಲೇ ನಡೆಯುತ್ತಿದ್ದ ಹಳೆ ಸಾಫ್ಟ್‌ವೇರ್ ಇತ್ತು. F10 ಒತ್ತಿದರೆ ಎಂಟ್ರಿ ಸೇವ್. ಕಣ್ಣು ವೋಚರ್ ಮೇಲಿದ್ದರೂ ಬೆರಳು ಕೆಲಸ ಮುಗಿಸುತ್ತಿತ್ತು. ಈಗ ಬರುವುದು ಬ್ರೌಸರ್‌ನಲ್ಲಿ ತೆರೆಯುವ ಸಾಫ್ಟ್‌ವೇರ್. ಮೌಸ್ ಬೇಕು, ಖಾತೆ ಸಂಖ್ಯೆ ಉದ್ದ, ಸ್ಕ್ರೀನ್ ಹೊಸದು. ಎಲ್ಲರಿಗೂ ಜಿಲ್ಲಾ ಕೇಂದ್ರದಲ್ಲಿ ಟ್ರೈನಿಂಗ್ ಆಗಿದೆ. ಹೊಸದು ಶುರುವಾಗಲು ಒಂದು ತಿಂಗಳಿದೆ.

ಮ್ಯಾನೇಜರ್ ಮೂವರನ್ನೂ ಬೇರೆ ಬೇರೆ ಕೂರಿಸಿಕೊಂಡು ಮೊದಲ ನಾಲ್ಕು ಸಂಗತಿಗಳಿಗೆ ಅಂಕ ಹಾಕಿದರು. ಬಲವರ್ಧನೆಗೆ ಈಗಲೇ ಅಂಕ ಹಾಕುವುದರಲ್ಲಿ ಅರ್ಥವಿಲ್ಲ, ಇನ್ನೂ ಶುರುವೇ ಆಗದ್ದು ಉಳಿಯುತ್ತದೋ ಇಲ್ಲವೋ ಹೇಗೆ ಹೇಳೋದು? ಕ್ಯಾಷ್ ಕೌಂಟರ್‌ನ ಹಿರಿಯ ಮೇಡಂಗೆ ಬಂದದ್ದು 4, 2, 4, 3. ಸಾಲದ ಮೇಜಿನವರಿಗೆ 4, 4, 4, 2. ಹೊಸದಾಗಿ ಸೇರಿದ ಹುಡುಗನಿಗೆ 2, 4, 4, 4.

ಕೂಡಿ ನೋಡಿದರೆ ಮೇಡಂದು 13, ಉಳಿದ ಇಬ್ಬರದೂ 14. ಮೂವರೂ ಹೆಚ್ಚುಕಡಿಮೆ ಒಂದೇ ಮಟ್ಟ ಅಂತ ಕಾಣುತ್ತದೆ. ಶಾಖೆಯ ಸರಾಸರಿ ಮೇಲಿನ ಕಚೇರಿಗೆ ಹೋದರೆ "ಪರವಾಗಿಲ್ಲ, ತಯಾರಿದ್ದಾರೆ" ಅನ್ನುತ್ತಾರೆ. ಆದರೆ ಮೂವರು ಸಿಕ್ಕಿಕೊಂಡಿರುವುದು ಮೂರು ಬೇರೆ ಜಾಗದಲ್ಲಿ. ಇನ್ನೊಂದು ಗಮನಿಸಿ. ಮೂವರಿಗೂ ತಿಳಿವಳಿಕೆಯಲ್ಲಿ 4 ಇದೆ. ಅಂದರೆ ಮತ್ತೊಂದು ಟ್ರೈನಿಂಗ್ ಕೊಟ್ಟರೆ ಮೂವರಲ್ಲಿ ಒಬ್ಬರಿಗೂ ಉಪಯೋಗವಿಲ್ಲ.

ಈ ಅಂಕಗಳು ಬಂದದ್ದು ಹೇಗೆ ಅನ್ನೋದು ಮುಖ್ಯ. ಒಂದು ಫಾರಂ ಹಂಚಿ "ಹೊಸ ವ್ಯವಸ್ಥೆಯ ಬಗ್ಗೆ ನಿಮಗೆ ಅರಿವಿದೆಯೇ? 1ರಿಂದ 5" ಅಂತ ಕೇಳಿದರೆ ಎಲ್ಲರೂ 4 ಅಥವಾ 5 ಬರೆಯುತ್ತಾರೆ. ಹೆಸರು, ಸಹಿ ಇರುವ ಫಾರಂನಲ್ಲಿ "ನನಗೆ ಮನಸ್ಸಿಲ್ಲ" ಅಂತ ಯಾವ ಬ್ಯಾಂಕ್ ನೌಕರ ಬರೆಯುತ್ತಾನೆ ಹೇಳಿ? ಅದಕ್ಕೇ ಉತ್ತರಕ್ಕಿಂತ ಉತ್ತರದ ಆಧಾರ ನೋಡಬೇಕು. ಅರಿವಿಗೆ ಕೇಳಬೇಕಾದ ಪ್ರಶ್ನೆ: "ಹಳೆಯದೇ ಮುಂದುವರಿದರೆ ಏನು ತೊಂದರೆ? ನಿಮ್ಮ ಮೇಜಿನದೇ ಒಂದು ಉದಾಹರಣೆ ಕೊಡಿ." ಉದಾಹರಣೆ ಬಂದರೆ 4. "ಹೆಡ್ ಆಫೀಸಿಂದ ಹೇಳಿದ್ದಾರೆ, ಮಾಡ್ತಾ ಇದ್ದೀವಿ" ಅಂದರೆ 2. ಶುರುವಾಗುವ ತಾರೀಖು ಗೊತ್ತಿರುವುದು ಅರಿವಲ್ಲ. ಸುತ್ತೋಲೆ ಓದಿರುವುದೂ ಅರಿವಲ್ಲ.

ಹುಡುಗನ ಅರಿವಿಗೆ 2 ಬಿದ್ದದ್ದು ಹೀಗೆ. ಅವನಿಗೆ ಕಂಪ್ಯೂಟರ್ ಸಲೀಸು, ಸ್ಕ್ರೀನ್‌ಗಳನ್ನು ಒಂದೇ ದಿನಕ್ಕೆ ಕಲಿತ. ಎಲ್ಲರೂ ಅವನೇ ಹೆಚ್ಚು ತಯಾರು ಅಂದುಕೊಂಡಿದ್ದರು. ಮ್ಯಾನೇಜರ್ ಕೇಳಿದಾಗ ಅವನು ಹೇಳಿದ: "ಸರ್, ಇದು ಸ್ಪೀಡ್ ಇದೆ, ನೋಡೋಕೆ ಚೆನ್ನಾಗಿದೆ, ಅದಕ್ಕೆ ತಂದಿದ್ದಾರೆ." ಹೊಸ ಸಾಫ್ಟ್‌ವೇರ್‌ನಲ್ಲಿ ಒಬ್ಬರು ಹಾಕಿದ ಎಂಟ್ರಿಯನ್ನು ಇನ್ನೊಬ್ಬರೇ ಪಾಸ್ ಮಾಡಬೇಕು, ಯಾರು ಯಾವ ಹೊತ್ತಿಗೆ ಏನು ಮಾಡಿದರು ಅನ್ನೋದು ಅವರವರ ಯೂಸರ್ ಐಡಿ ಮೇಲೆ ದಾಖಲಾಗುತ್ತದೆ. ಗ್ರಾಹಕರ ಹಣ ಕಾಯಲು ಇರುವ ಏರ್ಪಾಡು ಇದು. ಅದು ಅವನ ತಲೆಗೆ ಹೋಗಿರಲಿಲ್ಲ. ಇಂಥವರು ಮಾಡುವ ತಪ್ಪು ನಿಧಾನದ ತಪ್ಪಲ್ಲ, ಬೇಗದ ತಪ್ಪು. ಕ್ಯಾಷ್ ಮೇಡಂಗೆ ಕಷ್ಟ ಆಗುತ್ತಿದೆ ಅಂತ ಒಳ್ಳೆ ಮನಸ್ಸಿನಿಂದಲೇ ಅವರ ಪಾಸ್‌ವರ್ಡ್ ಹಾಕಿ ಎಂಟ್ರಿ ಮಾಡಿಕೊಡುತ್ತಾನೆ. ಸಾಲು ಕರಗುತ್ತದೆ, ಎಲ್ಲರಿಗೂ ಖುಷಿ. ಒಂದು ದಿನ ಹಣದಲ್ಲಿ ವ್ಯತ್ಯಾಸ ಬಂದರೆ ಆ ಎಂಟ್ರಿಗೆ ಯಾರು ಜವಾಬ್ದಾರಿ?

ಇವನಿಗೆ ಬೇಕಾದ್ದು ಅರ್ಧ ಗಂಟೆಯ ಮಾತು. ಯಾರು ಮಾತಾಡಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಬ್ಯಾಂಕ್ ಈ ಬದಲಾವಣೆ ಯಾಕೆ ಮಾಡುತ್ತಿದೆ ಅನ್ನೋದನ್ನು ಜನ ಮೇಲಿನವರ ಬಾಯಲ್ಲಿ ಕೇಳಲು ಬಯಸುತ್ತಾರೆ, ನನ್ನ ಕೆಲಸಕ್ಕೆ ಇದರಿಂದ ಏನಾಗುತ್ತದೆ ಅನ್ನೋದನ್ನು ತಮ್ಮ ನೇರ ಮೇಲಧಿಕಾರಿಯಿಂದ. ಪ್ರೊಸೈ ನಡೆಸಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು. ಹುಡುಗನ ವಿಷಯದಲ್ಲಿ ಮ್ಯಾನೇಜರ್ ಒಂದು ವೋಚರ್ ಇಟ್ಟುಕೊಂಡು, ಅದು ತಪ್ಪಾದರೆ ಹಳೆಯದರಲ್ಲಿ ಹೇಗೆ ಹುಡುಕುತ್ತಿದ್ದೆವು, ಹೊಸದರಲ್ಲಿ ಹೇಗೆ ಹುಡುಕುತ್ತೇವೆ ಅಂತ ತೋರಿಸಿದರೆ ಸಾಕು.

ಈಗ ಕ್ಯಾಷ್ ಮೇಡಂ ವಿಷಯ. ಇದು ಸುಲಭದ್ದಲ್ಲ. ಮನಸ್ಸು ಅನ್ನೋದರ ಅಂಕ ಪ್ರಶ್ನೆ ಕೇಳಿದರೆ ಸಿಗುವುದಿಲ್ಲ, ನಡವಳಿಕೆಯಲ್ಲಿ ಸಿಗುತ್ತದೆ. ಟ್ರೈನಿಂಗ್‌ನಲ್ಲಿ ಅವರು ಚೆನ್ನಾಗಿ ಮಾಡಿದ್ದರು. ಶಾಖೆಗೆ ಬಂದ ಮೇಲೆ ಅಭ್ಯಾಸದ ಸರ್ವರ್‌ಗೆ ಒಂದು ಸಲವೂ ಲಾಗಿನ್ ಆಗಿರಲಿಲ್ಲ. ಯಾರಾದರೂ ಹೊಸ ಸಾಫ್ಟ್‌ವೇರ್ ಮಾತೆತ್ತಿದರೆ ವಿಷಯ ಬದಲಿಸುತ್ತಿದ್ದರು. "ನನ್ನನ್ನ ಬೇರೆ ಸೀಟ್‌ಗೆ ಹಾಕಿಬಿಡಿ ಸರ್" ಅಂತ ಒಂದು ಸಲ ಹೇಳಿದ್ದೂ ಇತ್ತು. ಇಂಥದ್ದನ್ನು ನೋಡಿ ಸುಮ್ನೆ "ವಯಸ್ಸಾಯ್ತು, ಕಲಿಯೋಕೆ ಆಗಲ್ಲ" ಅಂದುಬಿಡುವವರೇ ಹೆಚ್ಚು. ಅದು ಅನ್ಯಾಯ, ಜೊತೆಗೆ ತಪ್ಪು ಅಂದಾಜು ಕೂಡ. ತಿಳಿವಳಿಕೆಯಲ್ಲಿ ಅವರಿಗೆ 4 ಇತ್ತಲ್ಲ.

ಬಾಗಿಲು ಹಾಕಿಕೊಂಡು ಸಮಾಧಾನವಾಗಿ ಮಾತಾಡಿದಾಗ ಕಾರಣ ಹೊರಬಂತು. ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಕೈಯಿಂದ ತುಂಬಬೇಕು. ಇದು ಬ್ಯಾಂಕ್‌ಗಳಲ್ಲಿ ಮಾಮೂಲಿ ಪದ್ಧತಿ. ಈ ಮೇಡಂ ಇಷ್ಟು ವರ್ಷ ಬಂದ ಹಣ, ಕೊಟ್ಟ ಹಣ ಎಲ್ಲವನ್ನೂ ಸ್ಕ್ರೋಲ್ ಅನ್ನುವ ಪಟ್ಟಿಯಲ್ಲಿ ಕೈಯಲ್ಲೇ ಬರೆದು, ಮಧ್ಯಾಹ್ನ ಒಂದು ಸಲ ಅದನ್ನು ಹಿಡಿದು ಹಣ ತಾಳೆ ನೋಡುತ್ತಿದ್ದರು. ಆ ಅಭ್ಯಾಸವೇ ಅವರನ್ನು ಕಾಪಾಡಿತ್ತು. ಹೊಸದರಲ್ಲಿ ಸ್ಕ್ರೋಲ್ ಬರೆಯುವಂತಿಲ್ಲ, ಎಲ್ಲ ಸಿಸ್ಟಮ್‌ನಲ್ಲೇ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಕಾಫಿ ಕೊಯ್ಲು ನಡೆಯುವಾಗ ವಾರದ ಬಟವಾಡೆಗೆ ತೋಟದವರು ಒಟ್ಟಿಗೆ ಬಂದು ದುಡ್ಡು ತೆಗೆಯುತ್ತಾರೆ, ಚಿಲ್ಲರೆ ನೋಟೇ ಬೇಕು ಅನ್ನುತ್ತಾರೆ. ಆ ಗಲಾಟೆಯಲ್ಲಿ ಒಂದು ಕಟ್ಟು ಹೆಚ್ಚು ಹೋದರೆ ತಿಂಗಳ ಸಂಬಳಕ್ಕೇ ಕತ್ತರಿ. ಅವರಿಗಿದ್ದದ್ದು ಸಾಫ್ಟ್‌ವೇರ್ ಮೇಲಿನ ಸಿಟ್ಟಲ್ಲ, ದುಡ್ಡಿನ ಭಯ.

ಭಯದ ಕಾರಣ ಗೊತ್ತಾದ ಮೇಲೆ ಮಾಡಬೇಕಾದ್ದು ಸ್ಪಷ್ಟವಾಗುತ್ತದೆ. ಮೊದಲ ನಾಲ್ಕು ವಾರ ಕೈ ಸ್ಕ್ರೋಲ್ ಬರೆಯಲು ಮ್ಯಾನೇಜರ್ ಒಪ್ಪಿದರು, ಆದರೆ ನಿಲ್ಲಿಸುವ ತಾರೀಖನ್ನೂ ಆಗಲೇ ಗೊತ್ತು ಮಾಡಿದರು. ಹೊಸ ಸಾಫ್ಟ್‌ವೇರ್‌ನಲ್ಲೇ ಮಧ್ಯಾಹ್ನ ಕ್ಯಾಷ್ ಬ್ಯಾಲೆನ್ಸ್ ನೋಡುವ ಸ್ಕ್ರೀನ್ ಇತ್ತು. ಟ್ರೈನಿಂಗ್‌ನಲ್ಲಿ ಅದನ್ನು ತೋರಿಸಿರಲಿಲ್ಲ, ಯಾಕೆಂದರೆ ಕ್ಯಾಷ್ ಕೆಲಸದಲ್ಲಿ ಅಲ್ಲಿ ಕಲಿಸಿದ್ದು ಜಮಾ ಮತ್ತು ಪಾವತಿ ಮಾತ್ರ. ಅದನ್ನು ಮೇಡಂ ಪಕ್ಕ ಕೂತು ತೋರಿಸಿದರು. ಮೊದಲ ತಿಂಗಳು ವ್ಯತ್ಯಾಸ ಬಂದರೆ ಆಫೀಸರ್ ಕೂಡ ಜೊತೆಗೆ ಕೂತು ಎಂಟ್ರಿಗಳನ್ನು ಹುಡುಕಬೇಕು, ಆಮೇಲಷ್ಟೇ ಮುಂದಿನ ಮಾತು ಅಂತ ಮೇಲಿನ ಕಚೇರಿಯಿಂದ ಲಿಖಿತವಾಗಿ ಒಪ್ಪಿಗೆ ತಂದರು. ಬಾಯಿಮಾತಿನ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಮ್ಯಾನೇಜರ್‌ಗೆ ನಾಳೆ ವರ್ಗಾವಣೆ ಆದರೆ ಆ ಮಾತೂ ಅವರ ಜೊತೆ ಹೋಗುತ್ತದೆ ಅಲ್ವಾ?

ಎರಡು ವಾರದ ನಂತರ ಮತ್ತೆ ಅಂಕ ಹಾಕಿದರೆ ಮೇಡಂ ಅವರ ಮನಸ್ಸು 4ಕ್ಕೆ ಏರಿತ್ತು. ಆಗ ಅವರು ಸಿಕ್ಕಿಕೊಂಡ ಜಾಗ ಮುಂದಕ್ಕೆ ಸರಿಯಿತು. ಈಗ ಉಳಿದದ್ದು ಸಾಮರ್ಥ್ಯದ 3. ಇದನ್ನು ಮೊದಲೇ ಹಿಡಿದು "ಅಭ್ಯಾಸ ಮಾಡಿ, ಅಭ್ಯಾಸ ಮಾಡಿ" ಅಂತ ಒತ್ತಾಯ ಮಾಡಿದ್ದರೆ ಅವರು ಲಾಗಿನ್ ಆಗಿ ಸುಮ್ಮನೆ ಕೂರುತ್ತಿದ್ದರು. ಮನಸ್ಸು ಬಂದ ಮೇಲೆ ಯಾರೂ ಹೇಳದೆ ಅಭ್ಯಾಸ ಶುರುವಾಯಿತು. ಕ್ರಮ ಮುಖ್ಯ ಅನ್ನುವುದು ಇದಕ್ಕೇ.

ಸಾಲದ ಮೇಜಿನವರ ಕಥೆಯಲ್ಲಿ ಅರಿವೂ ಇದೆ, ಮನಸ್ಸೂ ಇದೆ, ತಿಳಿವಳಿಕೆಯೂ ಇದೆ. ಬೆಳೆಸಾಲ ನವೀಕರಣ ಹೇಗೆ ಮಾಡುತ್ತೀರಿ ಅಂದರೆ ಸ್ಕ್ರೀನ್ ನೋಡದೆ ಹಂತ ಹಂತವಾಗಿ ಹೇಳುತ್ತಾರೆ. ಆದರೆ ನಿಜವಾದ ಕಡತ ಕೊಟ್ಟಾಗ ನಿಂತುಬಿಡುತ್ತಾರೆ. ತಿಳಿವಳಿಕೆ ಮತ್ತು ಸಾಮರ್ಥ್ಯದ ನಡುವಿನ ಈ ಅಂತರ ನನ್ನ ಪ್ರಕಾರ ಬ್ಯಾಂಕ್‌ಗಳಲ್ಲಿ ಅತಿ ಕಡಿಮೆ ಗಮನ ಪಡೆದಿರುವ ಸಂಗತಿ.

ಅಂತರ ಹುಟ್ಟುವುದು ಎಲ್ಲಿ? ಟ್ರೈನಿಂಗ್ ಸರ್ವರ್‌ನಲ್ಲಿರುವ ಖಾತೆಗಳು ಎಲ್ಲವೂ ಚೊಕ್ಕ. ಒಬ್ಬ ಗ್ರಾಹಕ, ಒಂದು ಖಾತೆ, ಸರಿಯಾದ ಹೆಸರು, ಎಲ್ಲ ದಾಖಲೆ ಪೂರ್ತಿ. ಶಾಖೆಗೆ ಬರುವವರು ಹಾಗಿರುವುದಿಲ್ಲ. ಅಣ್ಣ ತಮ್ಮ ಇಬ್ಬರ ಹೆಸರಲ್ಲಿ ಸಾಲ ಇದೆ, ಅಣ್ಣ ತೀರಿಕೊಂಡಿದ್ದಾರೆ. ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕೂ ಮೀರಿ ವ್ಯವಹಾರ ನಡೆಸದೆ ಅದು ನಿಷ್ಕ್ರಿಯ ಆಗಿದೆ, ಈಗ ಸಾಲದ ಹಣ ಅದಕ್ಕೇ ಜಮಾ ಆಗಬೇಕು. ಪಾಸ್‌ಬುಕ್‌ನಲ್ಲಿ ಹಳೆ ಖಾತೆ ಸಂಖ್ಯೆ. ಇನ್ನು ಹೆಸರಿನ ವಿಷಯ ಕೇಳಲೇಬೇಡಿ. ನಮ್ಮ ಕಡೆ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ ಇರುತ್ತದೆ. ಹಳೆಯದರಲ್ಲಿ ಯಾರೋ ಚುಕ್ಕಿ ಇಟ್ಟು ಬರೆದಿದ್ದಾರೆ, ಯಾರೋ ಇಡದೆ, ಯಾರೋ ಇನಿಷಿಯಲ್ಸ್ ಅನ್ನು ಹೆಸರಿನ ಕೊನೆಗೆ ಹಾಕಿದ್ದಾರೆ. ಹೊಸದರಲ್ಲಿ ಹುಡುಕಿದರೆ "ಗ್ರಾಹಕ ಸಿಗಲಿಲ್ಲ" ಅಂತ ಬರುತ್ತದೆ. ಎದುರಿಗೆ ಗ್ರಾಹಕ ಕೂತೇ ಇದ್ದಾರೆ. ಕ್ಲರ್ಕ್‌ಗೆ ಬೆವರು.

ಹಾಗಾಗಿ ಸಾಮರ್ಥ್ಯ ಅಳೆಯಲು ಬಾಯಿಪ್ರಶ್ನೆ ಸಾಲದು. ನಮ್ಮ ಶಾಖೆಯಲ್ಲಿ ಮಾಡಿದ್ದು ಇಷ್ಟು. ಹಳೆ ಕಡತಗಳಿಂದ ಮೂರು ಪ್ರಕರಣ ತೆಗೆದರು. ಒಂದು ಸರಳ, ಒಂದು ಜಂಟಿ ಖಾತೆ, ಒಂದು ಹೆಸರು ಹೊಂದದೆ ಇರುವುದು. ಅವುಗಳದೇ ಮಾದರಿಯ ಖಾತೆಗಳನ್ನು ಅಭ್ಯಾಸದ ಸರ್ವರ್‌ನಲ್ಲಿ ಮಾಡಿಸಿದರು. ಕ್ಲರ್ಕ್ ಒಬ್ಬರೇ ಕೂತು ಮಾಡಬೇಕು, ಯಾರೂ ಹೇಳಿಕೊಡುವಂತಿಲ್ಲ, ಕೈಪಿಡಿ ನೋಡಬಹುದು. ಎರಡು ಸಂಗತಿ ಬರೆದುಕೊಂಡರು: ಎಷ್ಟು ಹೊತ್ತು ಆಯಿತು, ಆಫೀಸರ್ ಎಷ್ಟು ಸಲ ವಾಪಸ್ ಕಳಿಸಿದರು. ಸರಳ ಪ್ರಕರಣ ಒಂದೇ ಸಲಕ್ಕೆ ಪಾಸಾಯಿತು. ಜಂಟಿ ಖಾತೆ ಎರಡು ಸಲ ವಾಪಸ್ ಬಂತು. ಮೂರನೆಯದು ಮುಗಿಯಲೇ ಇಲ್ಲ. ಅದಕ್ಕೇ 2.

ಇದಕ್ಕೆ ಪರಿಹಾರ ತರಗತಿಯಲ್ಲ, ಪಕ್ಕದಲ್ಲಿ ಕೂರುವ ಜನ. ಆಗಲೇ ಹೊಸ ಸಾಫ್ಟ್‌ವೇರ್‌ಗೆ ಬಂದಿರುವ ಇನ್ನೊಂದು ಶಾಖೆಯ ಸಾಲದ ಕ್ಲರ್ಕ್ ಒಬ್ಬರನ್ನು ಕೆಲವು ದಿನ ಕರೆಸಿದರೆ ಅವರಿಗೆ ಈ ಹೆಸರಿನ ಗೋಳು ಗೊತ್ತಿರುತ್ತದೆ. ಹೆಸರು ಬಿಟ್ಟು ಆಧಾರ್ ಅಥವಾ ಮೊಬೈಲ್ ನಂಬರ್‌ನಿಂದ ಹುಡುಕು ಅಂತ ಅವರೇ ಹೇಳಿಕೊಡುತ್ತಾರೆ. ಇನ್ನೊಂದು ಪರಿಹಾರ ಹೊರೆ ಇಳಿಸುವುದು. ಬೆಳೆಸಾಲದ ಬಡ್ಡಿ ರಿಯಾಯಿತಿ ಸಿಗಬೇಕಾದರೆ ಗಡುವಿನೊಳಗೆ ಕಟ್ಟಬೇಕು. ಹಾಗಾಗಿ ಮಾರ್ಚ್‌ನಲ್ಲಿ ಸಾಲದ ಮೇಜಿಗೆ ಜನ ಮುಗಿಬೀಳುತ್ತಾರೆ. ಆ ತಿಂಗಳಲ್ಲಿ ಹೊಸ ಸಾಫ್ಟ್‌ವೇರ್ ಶುರು ಮಾಡಿದರೆ, ಸಾಮರ್ಥ್ಯದಲ್ಲಿ 3 ಇದ್ದವರೂ 2ಕ್ಕೆ ಇಳಿಯುತ್ತಾರೆ. ಕಲಿಯಲು ಕೈಗೆ ಪುರುಸೊತ್ತೇ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಆಗ ಕ್ಯಾಷ್ ಕೌಂಟರ್‌ಗೆ ಇದೇ ಪಾಡು. ಮಲೆನಾಡಿನ ಅಂಚಿನ ಶಾಖೆಗೆ ತಾರೀಖು ನಿಗದಿ ಮಾಡುವವರು ಈ ಊರಿನ ಕ್ಯಾಲೆಂಡರ್ ನೋಡಬೇಕು.

ಮಳೆಗಾಲವೂ ಒಂದು ತೊಡಕು, ಆದರೆ ಅದು ಬೇರೆ ಥರದ್ದು. ಜೂನ್, ಜುಲೈನಲ್ಲಿ ಕರೆಂಟ್ ಹೋಗುತ್ತದೆ, ಮರ ಬಿದ್ದು ಲೈನ್ ಕಡಿಯುತ್ತದೆ. ಬ್ರೌಸರ್‌ನಲ್ಲಿ ನಡೆಯುವ ಸಾಫ್ಟ್‌ವೇರ್ ನೆಟ್‌ವರ್ಕ್ ಇಲ್ಲದೆ ನಿಂತುಹೋಗುತ್ತದೆ. ಅದನ್ನು ಕ್ಲರ್ಕಿನ ಅಂಕದಲ್ಲಿ ಸೇರಿಸಬಾರದು. ಹಳೆಯದರಿಂದ ಹೊಸದಕ್ಕೆ ಬಾಕಿ ಮೊತ್ತ ತಪ್ಪಾಗಿ ಬಂದಿದ್ದರೂ ಅಷ್ಟೇ. ಆಡ್‌ಕಾರ್ ಹೇಳುವುದು ಮನುಷ್ಯ ತಯಾರಿದ್ದಾನೋ ಇಲ್ಲವೋ ಅನ್ನೋದನ್ನು ಮಾತ್ರ. ಸಾಫ್ಟ್‌ವೇರ್ ತಯಾರಿದೆಯೋ ಇಲ್ಲವೋ ಅನ್ನೋದನ್ನಲ್ಲ. ಮೂವರ ಅಂಕವೂ ಚೆನ್ನಾಗಿದ್ದು ಕೆಲಸ ಇನ್ನೂ ನಿಧಾನ ಅಂದರೆ, ತಪ್ಪನ್ನು ಜನರಲ್ಲಿ ಹುಡುಕುವುದು ನಿಲ್ಲಿಸಿ ವ್ಯವಸ್ಥೆಯಲ್ಲಿ ಹುಡುಕಬೇಕು.

ಅಂಕಗಳ ಬಗ್ಗೆ ಇನ್ನೆರಡು ಎಚ್ಚರಿಕೆ. 3ಕ್ಕೂ 4ಕ್ಕೂ ಇರುವ ವ್ಯತ್ಯಾಸ ತಕ್ಕಡಿಯಲ್ಲಿ ತೂಗಿದ್ದಲ್ಲ, ಅಂಕ ಹಾಕಿದವರ ಅಂದಾಜು. ಪಕ್ಕದ ಶಾಖೆಯ 4ರ ಜೊತೆ ನಮ್ಮ ಶಾಖೆಯ 3 ಹೋಲಿಸಿ ಪ್ರಯೋಜನವಿಲ್ಲ. ಒಬ್ಬರೇ ವ್ಯಕ್ತಿಯ ಹಿಂದಿನ ಅಂಕಕ್ಕೂ ಈಗಿನದಕ್ಕೂ ಹೋಲಿಸಬಹುದು. ಎರಡನೆಯದು, ಈ ಅಂಕ ಯಾವ ಕಾರಣಕ್ಕೂ ನೌಕರನ ವಾರ್ಷಿಕ ವರದಿಗೆ ಹೋಗಬಾರದು. ಹೋಗುತ್ತದೆ ಅಂತ ಗುಸುಗುಸು ಎದ್ದರೂ ಸಾಕು, ಮುಂದಿನ ಸಲ ಎಲ್ಲರದೂ 5.

ಬಲವರ್ಧನೆಯನ್ನು ನೋಡುವ ಸಮಯ ಹೊಸದು ಶುರುವಾಗಿ ಮೂರು ತಿಂಗಳ ಸುಮಾರಿಗೆ. ಆ ಹೊತ್ತಿಗೆ ಸಹಾಯಕ್ಕೆ ಬಂದವರು ವಾಪಸ್ ಹೋಗಿರುತ್ತಾರೆ, ಮೇಲಿನವರ ಗಮನ ಬೇರೆ ಕಡೆ ತಿರುಗಿರುತ್ತದೆ. ಆಗ ಮೇಜಿನ ಡ್ರಾಯರ್ ತೆಗೆದು ನೋಡಬೇಕು. ನಿಲ್ಲಿಸಬೇಕಿದ್ದ ಕೈ ಸ್ಕ್ರೋಲ್ ಇನ್ನೂ ನಡೆಯುತ್ತಿದೆಯಾ? ಸಾಲದ ಮೇಜಿನಲ್ಲಿ ಎಲ್ಲವನ್ನೂ ಮತ್ತೊಂದು ಪುಸ್ತಕದಲ್ಲೂ ಬರೆಯುತ್ತಿದ್ದಾರಾ? ಆಫೀಸರ್ ಎಂಟ್ರಿಗಳನ್ನು ನೋಡಿ ಪಾಸ್ ಮಾಡುತ್ತಿದ್ದಾರಾ, ಅಥವಾ ಸಂಜೆ ಒಟ್ಟಿಗೆ ಕಣ್ಣುಮುಚ್ಚಿ ಮಾಡುತ್ತಿದ್ದಾರಾ? ಪಾಸ್ ಆದ ಹೊತ್ತನ್ನು ಸಿಸ್ಟಮ್ ದಾಖಲೆಯಲ್ಲೇ ನೋಡಬಹುದು. ಎಲ್ಲವೂ ಸಂಜೆ ಒಂದೇ ಹತ್ತು ನಿಮಿಷದಲ್ಲಿ ಪಾಸ್ ಆಗಿದ್ದರೆ ಉತ್ತರ ಸಿಕ್ಕ ಹಾಗೆ.

ಹಳೆಯದಕ್ಕೆ ಜಾರುವುದಕ್ಕೆ ಅನೇಕ ಸಲ ಕಾರಣ ಮೇಲಿನವರೇ. ಹೊಸ ಸಾಫ್ಟ್‌ವೇರ್‌ನಲ್ಲಿ ವರದಿ ತಾನಾಗೇ ಬರುತ್ತದೆ. ಆದರೂ ಮೇಲಿನ ಕಚೇರಿ "ಹಳೆ ನಮೂನೆಯಲ್ಲೇ ಎಕ್ಸೆಲ್ ಮಾಡಿ ಕಳಿಸಿ" ಅಂತ ಪ್ರತಿ ವಾರ ಕೇಳುತ್ತದೆ. ಆಗ ಕ್ಲರ್ಕ್ ಹಳೆ ಪುಸ್ತಕ ಬಿಡುವುದು ಹೇಗೆ? ಇಂಥ ಕಡೆ ಬಲವರ್ಧನೆಯ ಅಂಕ 2 ಬಂದರೆ ಅದು ಕ್ಲರ್ಕಿನ ಮೇಲಿನ ದೂರಲ್ಲ, ಆ ನಮೂನೆ ಕೇಳುವವರಿಗೆ ಹೋಗಬೇಕಾದ ಕಾಗದ.

ಕೊನೆಯದಾಗಿ ವರ್ಗಾವಣೆ. ಸಾಲದ ಮೇಜಿಗೆ ಬೇರೆ ಶಾಖೆಯಿಂದ ಹೊಸಬರು ಬಂದರೆ ಶಾಖೆ ಆಗಲೇ ಬದಲಾಗಿದೆ ಅಂತ ಅವರನ್ನು ನೇರ ಸೀಟಿಗೆ ಕೂರಿಸಿಬಿಡುತ್ತಾರೆ. ಶಾಖೆ ಬದಲಾಗಿರಬಹುದು, ಅವರು ಬದಲಾಗಿಲ್ಲ. ಅವರ ಅಂಕ ಅರಿವಿನಿಂದಲೇ ಶುರುವಾಗಬೇಕು. ಮೊದಲ ದಿನ ಸೀಟಿಗೆ ಕೂರಿಸುವ ಮುಂಚೆ ಮ್ಯಾನೇಜರ್ ಅವರನ್ನು ಒಳಗೆ ಕರೆದು, ಅದೇ ಮೂರು ಕಡತಗಳನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಅವರು ಎಲ್ಲಿ ನಿಂತಿದ್ದಾರೆ ಅಂತ ತಿಳಿಯುತ್ತದೆ.